ಮಂಗಟ್ಟೆಯ ಹೆಸರು ಹೇಳುವ ಯಂತ್ರ, ಮಂಗಟ್ಟೆಯನ್ನೇ ಬಿಡಿಸುವ ಯಂತ್ರ

ವೀಕೆಂಡ್‌ಗೆ ದಾಂಡೇಲಿ ಹತ್ತಿರದ ಮೌಳಂಗಿಗೆ ಹೋಗಿ ಬಂದವರ ಫೋನ್ ಗ್ಯಾಲರಿ ತೆಗೆದು ನೋಡಿ. ಲೈಫ್ ಜಾಕೆಟ್ ಹಾಕ್ಕೊಂಡು ರಾಫ್ಟ್ ಮೇಲೆ ಕೂತಿರೋ ಫೋಟೋ ಇದ್ದೇ ಇರುತ್ತೆ. ಕಾಳಿ ನದಿಯ ನೀರಲ್ಲಿ ಕಾಲು ಬಿಟ್ಟುಕೊಂಡ ಸೆಲ್ಫಿ ಇರುತ್ತೆ. ಅದರ ಪಕ್ಕದಲ್ಲೇ ಇನ್ನೊಂದು ಫೋಟೋ: ಆಚೆ ದಡ, ಎತ್ತರದ ಮರ, ಮರದ ತುದಿಯಲ್ಲಿ ಕಪ್ಪು-ಬಿಳಿ ಬಣ್ಣದ ಒಂದು ಸಣ್ಣ ಚುಕ್ಕೆ. ಆ ಚುಕ್ಕೆಯೇ ಮಂಗಟ್ಟೆ. ಹಾರ್ನ್‌ಬಿಲ್ ಅಂದ್ರೆ ಬೇಗ ಗೊತ್ತಾಗುತ್ತೆ.

ಈಗ ಆ ಫೋಟೋ ಮೇಲೆ ಬೆರಳಿಟ್ಟರೆ ಫೋನ್ ಎರಡು ಕೆಲಸ ಮಾಡಿಕೊಡ್ತೀನಿ ಅನ್ನುತ್ತೆ. ಒಂದು, ‘ಇದೇನು ಅಂತ ಹುಡುಕು’. ಇನ್ನೊಂದು, ‘ಇದನ್ನು ಸ್ಪಷ್ಟ ಮಾಡು’ ಅಥವಾ ‘ಹೊಸ ಚಿತ್ರ ಮಾಡು’. ಎರಡೂ ಬಟನ್ ಅಕ್ಕಪಕ್ಕ ಇರ್ತವೆ, ಎರಡರ ಮೇಲೂ ಮಿನುಗುವ ಅದೇ ನಕ್ಷತ್ರದ ಚಿಹ್ನೆ, ಎರಡಕ್ಕೂ ಎಐ ಅಂತಲೇ ಹೆಸರು. ಹಳಿಯಾಳದಲ್ಲಿರೋ ನನ್ನ ಚಿಕ್ಕಪ್ಪನ ಮಗಳು ಒಮ್ಮೆ ಹೀಗೆ ಮೆಸೇಜ್ ಮಾಡಿದ್ಲು: “ಅಣ್ಣಾ, ಫೋಟೋ ಹಾಕಿದ್ರ ಹೆಸರು ಹೇಳತೈತಿ, ಹೆಸರು ಹಾಕಿದ್ರ ಫೋಟೋ ಕೊಡತೈತಿ. ಎರಡೂ ಒಂದ ಮಷೀನ್ ಅಲ್ಲೇನು, ಉಲ್ಟಾ ಓಡಿಸಿದ್ದು?”

ಒಳ್ಳೆ ಪ್ರಶ್ನೆ. ನಮ್ಮ ಆಫೀಸಿನಲ್ಲಿ ಕೋಡ್ ಬರೆಯುವವರಲ್ಲೇ ಎಷ್ಟೋ ಜನ ಹಾಗೇ ಅಂದುಕೊಂಡಿದ್ದಾರೆ. ಆದರೆ ಉಲ್ಟಾ ಓಡಿಸಿದ್ದಲ್ಲ. ಒಂದು ಫೋಟೋದಲ್ಲಿ ಇರೋದನ್ನು ಇಳಿಸುತ್ತಾ ಇಳಿಸುತ್ತಾ ಒಂದು ಹೆಸರಿಗೆ ತಂದು ನಿಲ್ಲಿಸುತ್ತೆ. ಇನ್ನೊಂದು, ಇಲ್ಲದೇ ಇರೋದನ್ನು ತುಂಬಿಸಿ ಫೋಟೋ ಮಾಡುತ್ತೆ. ಆ ತುಂಬಿಸಿದ್ದು ಎಲ್ಲಿಂದ ಬಂತು ಅನ್ನೋದರಲ್ಲೇ ಎಲ್ಲ ವ್ಯತ್ಯಾಸ ಇದೆ. ಇದೇ ಕಾಡಿನಲ್ಲಿ ಹುಲಿ ಎಣಿಸುವವರಿಗಂತೂ ಈ ವ್ಯತ್ಯಾಸ ತಮಾಷೆಯ ವಿಷಯವಲ್ಲ. ಅಲ್ಲಿಗೆ ಆಮೇಲೆ ಬರ್ತೀನಿ, ಮೊದಲು ಮಂಗಟ್ಟೆ ನೋಡೋಣ.

ನಿಮ್ಮ ಫೋಟೋ 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರ ಅಂತಿಟ್ಟುಕೊಳ್ಳಿ. ಒಟ್ಟು 1.2 ಕೋಟಿ ಪಿಕ್ಸೆಲ್. ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಅಂತ ಮೂರು ಸಂಖ್ಯೆ, ಅಂದರೆ 3.6 ಕೋಟಿ ಸಂಖ್ಯೆಗಳು. ಆ ಹೊತ್ತಿಗೆ ಆ ಮರದಿಂದ ಹೊರಟು ನಿಮ್ಮ ಲೆನ್ಸ್‌ವರೆಗೆ ಬಂದ ಬೆಳಕಿನ ದಾಖಲೆ ಇದು. ಗುರುತಿಸುವ ಯಂತ್ರಕ್ಕೆ ಇಷ್ಟೂ ಬೇಡ. ತುಂಬಾ ಬಳಕೆಯಲ್ಲಿರೋ ಒಂದು ವಿನ್ಯಾಸದಲ್ಲಿ ಅದು ಮೊದಲು ಫೋಟೋವನ್ನು 224 × 224 ಅಳತೆಗೆ ಕುಗ್ಗಿಸಿಕೊಳ್ಳುತ್ತೆ. ಆಮೇಲೆ 16 × 16 ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸುತ್ತೆ. ಸಾಲಿಗೆ 14ರಂತೆ 14 ಸಾಲು, ಒಟ್ಟು 196 ಚೌಕ. ಪ್ರತಿ ಚೌಕವೂ ಉಳಿದ ಚೌಕಗಳ ಜೊತೆ ಹೋಲಿಸಿಕೊಳ್ಳುತ್ತೆ: ಇಲ್ಲಿ ಒಂದು ಬಾಗಿದ ಅಂಚಿದೆ, ಅದರ ಪಕ್ಕ ಹಳದಿ ಇದೆ, ಅದರ ಮೇಲೊಂದು ಕಪ್ಪು ಪಟ್ಟೆ ಇದೆ, ಇವೆಲ್ಲ ಸೇರಿದರೆ ಕೊಕ್ಕು ಇರಬಹುದು. ಹೀಗೆ ಒಂದರ ಮೇಲೊಂದು ಪದರ ದಾಟುತ್ತಾ ಹೋಗಿ ಕೊನೆಗೆ ಉಳಿಯೋದು ಹೆಸರುಗಳ ಪಟ್ಟಿ ಮತ್ತು ಪ್ರತಿ ಹೆಸರಿನ ಮುಂದೆ ಒಂದು ಅಂಕ.

ದಾಂಡೇಲಿ ಸುತ್ತಮುತ್ತ ನಾಲ್ಕು ಜಾತಿಯ ಮಂಗಟ್ಟೆ ಇವೆ. ಗ್ರೇಟ್ ಹಾರ್ನ್‌ಬಿಲ್, ಮಲಬಾರ್ ಪೈಡ್, ಮಲಬಾರ್ ಗ್ರೇ, ಇಂಡಿಯನ್ ಗ್ರೇ. ನಮ್ಮ ಯಂತ್ರಕ್ಕೆ ಈ ನಾಲ್ಕೇ ಹೆಸರು ಗೊತ್ತು ಅಂದುಕೊಳ್ಳೋಣ. ಆಗ ಉತ್ತರ ಹೀಗೆ ಬರಬಹುದು: ಮಲಬಾರ್ ಪೈಡ್ 0.46, ಗ್ರೇಟ್ 0.41, ಮಲಬಾರ್ ಗ್ರೇ 0.09, ಇಂಡಿಯನ್ ಗ್ರೇ 0.04. ನಾಲ್ಕೂ ಕೂಡಿಸಿದರೆ ಸರಿಯಾಗಿ 1. ಈ ಅಂಕಗಳು ನಾನು ಉದಾಹರಣೆಗೆ ಹಾಕಿದ್ದು. ಆದರೆ ಮೊತ್ತ 1 ಆಗಲೇಬೇಕು ಅನ್ನೋ ನಿಯಮ ನಿಜ, ಮತ್ತು ಅದರಲ್ಲೇ ಈ ಯಂತ್ರದ ಒಂದು ದೌರ್ಬಲ್ಯವೂ ಇದೆ. ನೀವು ಹಕ್ಕಿ ಬಿಟ್ಟು ರಾಫ್ಟ್‌ನ ಫೋಟೋ ಕೊಟ್ಟರೂ ಅದು ಆ 1 ಅನ್ನು ಇದೇ ನಾಲ್ಕು ಮಂಗಟ್ಟೆಗಳಿಗೆ ಹಂಚುತ್ತೆ. ‘ಇದು ನಂಗೆ ಗೊತ್ತಿಲ್ಲ’ ಅನ್ನೋ ಆಯ್ಕೆಯನ್ನು ನಾವೇ ಬೇರೆಯಾಗಿ ಕಟ್ಟಿಕೊಡದಿದ್ದರೆ ಅದಕ್ಕೆ ಹಾಗೆ ಹೇಳೋಕೆ ಬರಲ್ಲ.

0.46ಕ್ಕೂ 0.41ಕ್ಕೂ ಅಂಥ ಅಂತರವೇನಿಲ್ಲ. ಯಂತ್ರ ಯಾಕೆ ತಡವರಿಸ್ತು? ಲೆಕ್ಕ ಹಾಕಿ ನೋಡಿ. 4000 ಪಿಕ್ಸೆಲ್ ಅಗಲದ ಫೋಟೋದಲ್ಲಿ ಹಕ್ಕಿ 300 ಪಿಕ್ಸೆಲ್ ಅಗಲ ಇತ್ತು ಅಂತಿಟ್ಟುಕೊಳ್ಳಿ. ಫೋಟೋ 224ಕ್ಕೆ ಕುಗ್ಗಿದಾಗ ಹಕ್ಕಿ ಸುಮಾರು 17 ಪಿಕ್ಸೆಲ್‌ಗೆ ಇಳಿಯುತ್ತೆ. ಅಂದರೆ ಹೆಚ್ಚುಕಡಿಮೆ ಒಂದೇ ಚೌಕ. ಉಳಿದ 195 ಚೌಕಗಳಲ್ಲಿ ಮರ, ಆಕಾಶ, ನೀರು. ಅದೇ ನೀವು ಹಕ್ಕಿಯ ಸುತ್ತ 600 × 600 ಅಷ್ಟನ್ನೇ ಕ್ರಾಪ್ ಮಾಡಿ ಕೊಟ್ಟರೆ ಹಕ್ಕಿ 112 ಪಿಕ್ಸೆಲ್ ಅಗಲ ಬರುತ್ತೆ, ಏಳು ಚೌಕ ಅಗಲಕ್ಕೆ ಹರಡಿಕೊಳ್ಳುತ್ತೆ. ಆಗ ಕೊಕ್ಕಿನ ಮೇಲಿನ ಆ ಶಿರಸ್ತ್ರಾಣದಂಥ ಭಾಗ ಕಾಣುತ್ತೆ. ಮಲಬಾರ್ ಪೈಡ್‌ನಲ್ಲಿ ಅದು ಹಳದಿ, ಮೇಲೆ ದೊಡ್ಡ ಕಪ್ಪು ಮಚ್ಚೆ. ಗ್ರೇಟ್ ಹಾರ್ನ್‌ಬಿಲ್‌ನಲ್ಲಿ ಅದರ ಮೇಲ್ಭಾಗ ಚಪ್ಪಟೆ, ಕುತ್ತಿಗೆ ಹಳದಿ ಮಿಶ್ರಿತ ಬಿಳಿ, ರೆಕ್ಕೆಯ ಮೇಲೆ ಬಿಳಿ ಪಟ್ಟೆ. ಮಲಬಾರ್ ಗ್ರೇಗೆ ಆ ಶಿರಸ್ತ್ರಾಣವೇ ಇಲ್ಲ. ಇಷ್ಟು ಕಂಡರೆ ಯಂತ್ರ ಒಂದು ಹೆಸರಿನ ಕಡೆ ಗಟ್ಟಿಯಾಗಿ ವಾಲುತ್ತೆ.

ಕ್ರಾಪ್ ಮಾಡಿದಾಗ ನೀವು ಹೊಸದೇನನ್ನೂ ಸೇರಿಸಲಿಲ್ಲ ಅನ್ನೋದನ್ನು ಗಮನಿಸಿ. ಇದ್ದ ಬೆಳಕನ್ನೇ ಯಂತ್ರದ ಕಣ್ಣಿನ ಮುಂದೆ ಹಿಡಿದಿರಿ. ಅದು ತಪ್ಪು ಹೇಳಿದರೂ ಆ ತಪ್ಪನ್ನು ಪರೀಕ್ಷೆ ಮಾಡಬಹುದು. ಫೋಟೋ ಹಾಗೇ ಇದೆ. ನೀವು ನೋಡಬಹುದು, ಪಕ್ಷಿ ವೀಕ್ಷಕರೊಬ್ಬರಿಗೆ ತೋರಿಸಬಹುದು, ‘ಕುತ್ತಿಗೆ ನೋಡ್ರಿ, ಇದು ಗ್ರೇಟ್ ಅಲ್ಲ’ ಅಂತ ಅವರು ತಿದ್ದಬಹುದು. ಉತ್ತರ ಸರಿಯೋ ತಪ್ಪೋ ಅಂತ ಕೇಳೋಕೆ ಅಲ್ಲೊಂದು ನಿಜವಾದ ಹಕ್ಕಿ ಕೂತಿತ್ತು.

ಇನ್ನು ಚಿತ್ರ ಮಾಡುವ ಯಂತ್ರ. ‘ಕಾಳಿ ನದಿಯ ದಡದಲ್ಲಿ ಮರದ ಮೇಲೆ ಕೂತ ಮಲಬಾರ್ ಪೈಡ್ ಹಾರ್ನ್‌ಬಿಲ್’ ಅಂತ ಬರೆದು ಕೊಡ್ತೀರಿ. ಅದು ತನ್ನ ಬಳಿ ಇರೋ ಸಾವಿರಾರು ಫೋಟೋ ತಿರುವಿ ಹಾಕಿ, ಒಂದರ ಕೊಕ್ಕು, ಇನ್ನೊಂದರ ರೆಕ್ಕೆ ಕತ್ತರಿಸಿ ಅಂಟಿಸುತ್ತೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅದರೊಳಗೆ ಫೋಟೋಗಳ ಕಪಾಟು ಇಲ್ಲ.

2022ರ ಆಗಸ್ಟ್‌ನಲ್ಲಿ ಎಲ್ಲರಿಗೂ ಸಿಗುವಂತೆ ಬಿಡುಗಡೆಯಾದ ಸ್ಟೇಬಲ್ ಡಿಫ್ಯೂಷನ್ ಅನ್ನೋ ಯಂತ್ರವನ್ನೇ ತಗೊಳ್ಳಿ. ಅದರ ಕಲಿಕೆ ನಡೆದಿದ್ದು ವಿಚಿತ್ರ ರೀತಿಯಲ್ಲಿ. ನಿಜವಾದ ಒಂದು ಫೋಟೋ ತಗೊಂಡು ಅದರ ಮೇಲೆ ಯದ್ವಾತದ್ವಾ ಚುಕ್ಕೆಗಳನ್ನು ಎರಚುತ್ತಾರೆ. ಚಿಕ್ಕವರಿದ್ದಾಗ ಮನೆ ಮೇಲಿನ ಆಂಟೆನಾ ಗಾಳಿಗೆ ತಿರುಗಿಬಿಟ್ಟರೆ ಟಿವಿಯಲ್ಲಿ ಸರಸರ ಅಂತ ಚುಕ್ಕೆ ಬರ್ತಿತ್ತಲ್ಲ, ಹಾಗೆ. ‘ಇದರಲ್ಲಿ ಎರಚಿದ ಚುಕ್ಕೆ ಯಾವುದು, ಕಂಡುಹಿಡಿ’ ಅನ್ನೋದೇ ಯಂತ್ರಕ್ಕೆ ಕೊಡುವ ಪಾಠ. ಸ್ವಲ್ಪ ಎರಚಿದ್ದು, ಜಾಸ್ತಿ ಎರಚಿದ್ದು, ಪೂರ್ತಿ ಮುಚ್ಚಿಹೋದದ್ದು, ಹೀಗೆ ಎಣಿಕೆಯೇ ಇಲ್ಲದಷ್ಟು ಸಲ. ಜೊತೆಗೆ ಆ ಫೋಟೋಗೆ ಇಂಟರ್ನೆಟ್‌ನಲ್ಲಿ ಇದ್ದ ವಿವರಣೆಯ ಸಾಲನ್ನೂ ಕೊಡುತ್ತಾರೆ. ಹೀಗೆ ಕಲಿತು ಕಲಿತು ‘ಹಾರ್ನ್‌ಬಿಲ್’ ಅನ್ನೋ ಪದ ಇದ್ದಾಗ ಚುಕ್ಕೆಗಳ ಹಿಂದೆ ಸಾಮಾನ್ಯವಾಗಿ ಎಂಥ ಆಕಾರ ಇರುತ್ತೆ ಅನ್ನೋ ಅಂದಾಜು ಅದಕ್ಕೆ ಬಂದುಬಿಡುತ್ತೆ.

ನೀವು ಬಟನ್ ಒತ್ತಿದಾಗ ಅದು ಬರೀ ಚುಕ್ಕೆಗಳಿಂದಲೇ ಶುರು ಮಾಡುತ್ತೆ. ಅಲ್ಲಿ ಯಾವ ಫೋಟೋವೂ ಅಡಗಿರಲ್ಲ. 512 × 512 ಅಳತೆಯ ಚಿತ್ರಕ್ಕೆ ಅದು 64 × 64ರ ನಾಲ್ಕು ಪದರ, ಅಂದರೆ 16,384 ಸಂಖ್ಯೆಗಳನ್ನು ಲಾಟರಿ ಎತ್ತಿದ ಹಾಗೆ ಎತ್ತಿಕೊಳ್ಳುತ್ತೆ. ‘ಇದರ ಹಿಂದೊಂದು ಹಾರ್ನ್‌ಬಿಲ್ ಇದೆ’ ಅಂತ ನೀವು ಹೇಳಿದ್ದೀರಲ್ಲ, ಅದನ್ನೇ ನಂಬಿ ಸ್ವಲ್ಪ ಚುಕ್ಕೆ ಒರೆಸುತ್ತೆ. ಮತ್ತೆ ನೋಡುತ್ತೆ, ಮತ್ತೆ ಒರೆಸುತ್ತೆ. ಇಪ್ಪತ್ತರಿಂದ ಐವತ್ತು ಸುತ್ತು ಸಾಮಾನ್ಯ. ಕೊನೆಗೆ ಆ 16,384 ಸಂಖ್ಯೆಗಳನ್ನು ಹಿಗ್ಗಿಸಿ 7,86,432 ಸಂಖ್ಯೆಗಳ ಚಿತ್ರ ಮಾಡಿ ಕೊಡುತ್ತೆ. ಶುರುವಿನ ಲಾಟರಿ ಸಂಖ್ಯೆ ಬದಲಾದರೆ ಹಕ್ಕಿ ಬೇರೆ, ಕೊಂಬೆ ಬೇರೆ, ನದಿ ಬೇರೆ. ಇತ್ತೀಚಿನ ಕೆಲವು ಯಂತ್ರಗಳು ಚುಕ್ಕೆ ಒರೆಸುವ ಬದಲು ಚಿತ್ರವನ್ನು ತುಂಡುತುಂಡಾಗಿ ಒಂದರ ನಂತರ ಒಂದು ಊಹಿಸುತ್ತಾ ಹೋಗುತ್ತವೆ. ದಾರಿ ಬೇರೆ, ಆದರೆ ಊಹೆ ಅನ್ನೋದು ಅಲ್ಲೂ ಅದೇ.

ಇಲ್ಲಿ ತಪ್ಪಾಗೋ ರೀತಿಯೂ ಬೇರೆ. ಗುರುತಿಸುವ ಯಂತ್ರ ಎರಡು ಹೆಸರುಗಳ ನಡುವೆ ತಡವರಿಸುತ್ತೆ. ಇದು ತಡವರಿಸೋದೇ ಇಲ್ಲ, ಎರಡನ್ನೂ ಕಲಸಿಬಿಡುತ್ತೆ. ಮಲಬಾರ್ ಪೈಡ್ ಕೇಳಿದರೆ ಗ್ರೇಟ್ ಹಾರ್ನ್‌ಬಿಲ್‌ನ ಚಪ್ಪಟೆ ಶಿರಸ್ತ್ರಾಣ, ಅದರ ಹಳದಿ ಕುತ್ತಿಗೆ, ಕೆಳಗೆ ಪೈಡ್‌ನ ಬಿಳಿ ಹೊಟ್ಟೆ. ನೋಡೋಕೆ ಒಳ್ಳೆ ಕ್ಯಾಮೆರಾದಲ್ಲಿ ತೆಗೆದ ಹಾಗೆ ಕಣ್ಣಿನ ರೆಪ್ಪೆ ಸಮೇತ ಸ್ಪಷ್ಟ, ಆದರೆ ಅಂಥ ಹಕ್ಕಿ ಯಾವ ಕಾಡಲ್ಲೂ ಇಲ್ಲ. ‘ಕಾಳಿ ನದಿ’ ಅಂತ ಬರೆದಿದ್ದಕ್ಕೂ ಅಷ್ಟೇ ಬೆಲೆ. ಕಲಿಕೆಯಲ್ಲಿ ಆ ಪದದ ಜೊತೆ ಬಂದ ಚಿತ್ರಗಳು ಕಡಿಮೆ ಇದ್ದರೆ, ಎಲ್ಲೋ ಒಂದು ಕಾಡಿನ ನದಿ ಬರುತ್ತೆ. ಕಪ್ಪು ಚಿರತೆಯ ವಿಷಯದಲ್ಲೂ ಹೀಗೇ. ನಮ್ಮ ದಾಂಡೇಲಿ ಕಾಡು ಕಪ್ಪು ಚಿರತೆಗೆ ಹೆಸರುವಾಸಿ. ಅದು ಬೇರೆ ಪ್ರಾಣಿಯಲ್ಲ, ಚಿರತೆಯೇ. ಚರ್ಮದ ಕಪ್ಪು ಜಾಸ್ತಿ ಆಗಿ ಚುಕ್ಕೆಗಳು ಮುಚ್ಚಿಹೋಗಿರುತ್ತವೆ. ರಾತ್ರಿ ಇನ್‌ಫ್ರಾರೆಡ್ ಬೆಳಕಿನ ಕ್ಯಾಮೆರಾದಲ್ಲಿ ಸೆರೆಸಿಕ್ಕಿದಾಗ ಆ ಚುಕ್ಕೆಗಳು ಎದ್ದು ಕಾಣುತ್ತವೆ. ಚಿತ್ರ ಮಾಡುವ ಯಂತ್ರಕ್ಕೆ ‘ಕಪ್ಪು ಚಿರತೆ’ ಅನ್ನಿ, ಹೆಚ್ಚಾಗಿ ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಅಪ್ಪಟ ಕಪ್ಪು ಪ್ರಾಣಿಯೊಂದು ಬರುತ್ತೆ. ಜನ ಹಾಗೆ ಕಲ್ಪಿಸಿಕೊಂಡಿದ್ದಾರೆ, ಯಂತ್ರ ಕಲಿತದ್ದೂ ಹಾಗೇ.

ತಂಗಿಯ ‘ಉಲ್ಟಾ’ ಪ್ರಶ್ನೆಗೆ ಉತ್ತರ ಇಲ್ಲಿದೆ. ಮೂರು ಕೋಟಿಗೂ ಮಿಕ್ಕ ಸಂಖ್ಯೆಗಳಿಂದ ಒಂದು ಹೆಸರಿಗೆ ಇಳಿಯುವಾಗ ಅಪಾರ ವಿವರ ಬಿಟ್ಟುಹೋಗುತ್ತೆ: ಕೊಂಬೆ ಎಷ್ಟು ಬಾಗಿತ್ತು, ಹಕ್ಕಿ ಎತ್ತ ನೋಡ್ತಿತ್ತು, ಮೋಡ ಎಲ್ಲಿತ್ತು. ಹೆಸರಿನಿಂದ ವಾಪಸ್ ಹೋಗೋಕೆ ಆ ವಿವರ ಈಗ ಎಲ್ಲೂ ಇಲ್ಲ. ಹಾಗಾಗಿ ಯಂತ್ರ ಆ ಜಾಗವನ್ನು ‘ಹೀಗಿದ್ದರೆ ಸರಿಕಾಣುತ್ತೆ’ ಅನ್ನೋದರಿಂದ ತುಂಬುತ್ತೆ. ಕೊಬ್ಬರಿ ಹಿಂಡಿ ಎಣ್ಣೆ ತೆಗೆಯಬಹುದು. ಎಣ್ಣೆಯಿಂದ ಅದೇ ಕೊಬ್ಬರಿ ಬರಲ್ಲ.

ಹಾಗಂತ ಇವೆರಡೂ ಸಂಬಂಧವೇ ಇಲ್ಲದ ಜಾತಿಗಳೂ ಅಲ್ಲ, ಗೊಂದಲ ಆಗೋದೇ ಅದಕ್ಕೆ. 2021ರಲ್ಲಿ ಓಪನ್ ಎಐ ಕಂಪನಿಯವರು ಕ್ಲಿಪ್ ಅಂತ ಒಂದು ಮಾದರಿ ಹೊರತಂದರು. 40 ಕೋಟಿ ಚಿತ್ರ-ವಿವರಣೆ ಜೋಡಿಗಳನ್ನು ತೋರಿಸಿ ‘ಈ ಸಾಲು ಈ ಚಿತ್ರಕ್ಕೆ ಹೊಂದುತ್ತಾ ಇಲ್ವಾ’ ಅಂತ ಅದಕ್ಕೆ ಕಲಿಸಿದ್ದರು. ಅದು ಅರ್ಥ ಮಾಡಿಕೊಳ್ಳುವ ಯಂತ್ರ. ಮರುವರ್ಷ ಬಂದ ಸ್ಟೇಬಲ್ ಡಿಫ್ಯೂಷನ್, ನೀವು ಬರೆದ ಸಾಲನ್ನು ಓದಿಕೊಳ್ಳೋಕೆ ಇದೇ ಕ್ಲಿಪ್‌ನ ಪದ ಓದುವ ಭಾಗವನ್ನು ತನ್ನೊಳಗೆ ಕೂರಿಸಿಕೊಂಡಿತು. ಅಂದರೆ ನೋಡಿ ಕಲಿತವನು ಪಕ್ಕದಲ್ಲಿ ನಿಂತು ಹೇಳ್ತಾನೆ, ಬಿಡಿಸುವವನು ಬಿಡಿಸ್ತಾನೆ. ಇಂದಿನ ಆ್ಯಪ್‌ಗಳಲ್ಲಿ ಇಬ್ಬರೂ ಒಂದೇ ಕಿಟಕಿಯ ಹಿಂದೆ ಕೂತಿರೋದರಿಂದ ಉತ್ತರ ಯಾರು ಕೊಟ್ಟರು ಅಂತ ನಮಗೆ ಗೊತ್ತಾಗಲ್ಲ.

ಅದು ಗೊತ್ತಾಗದೇ ಇರೋದು ನಿಜವಾಗಿ ಅಪಾಯವಾಗೋದು ‘ಸ್ಪಷ್ಟ ಮಾಡು’ ಬಟನ್‌ನಲ್ಲಿ. ಹೆಸರು ಕೇಳಿದರೆ ಇದು ನೋಡುವ ಕೆಲಸದ ಹಾಗಿದೆ, ಕನ್ನಡಕ ಒರೆಸಿದ ಹಾಗೆ. ಆದರೆ ಒಳಗೆ ಕೂತಿರೋದು ಹೆಚ್ಚಾಗಿ ಬಿಡಿಸುವವನು.

ಹಳೇ ಕಾಲದ ಹಿಗ್ಗಿಸುವಿಕೆ ಬೇರೆ ಇತ್ತು. ಫೋಟೋವನ್ನು ಅಗಲ ಎತ್ತರ ಎರಡರಲ್ಲೂ ನಾಲ್ಕು ಪಟ್ಟು ದೊಡ್ಡದು ಮಾಡಿದರೆ ಒಂದು ಪಿಕ್ಸೆಲ್ ಇದ್ದ ಜಾಗದಲ್ಲಿ 16 ಪಿಕ್ಸೆಲ್ ಬೇಕು. ಹಳೇ ವಿಧಾನ ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿಯಿಂದ ಆ ಜಾಗ ತುಂಬುತ್ತಿತ್ತು. ಫೋಟೋ ದೊಡ್ಡದಾಗುತ್ತಿತ್ತು, ಮಸುಕು ಮಸುಕಾಗಿಯೇ ಇರುತ್ತಿತ್ತು. ಹೊಸ ವಿಧಾನ ‘ಇಲ್ಲಿ ಗರಿ ಇರಬೇಕು’ ಅಂತ ಊಹಿಸಿ ಗರಿಯನ್ನೇ ಬರೆದುಬಿಡುತ್ತೆ. ಕೆಲವು ಹೊಸ ಫೋನ್‌ಗಳಂತೂ ತುಂಬಾ ಜೂಮ್ ಮಾಡಿದಾಗ ಕೇಳದೆಯೇ ಈ ಕೆಲಸ ಮಾಡುತ್ತವೆ. ಆಚೆ ದಡದ ಹಕ್ಕಿಗೆ ಎಷ್ಟು ಜೂಮ್ ಮಾಡ್ತೀವಿ ಅಂತ ನಿಮಗೇ ಗೊತ್ತು.

2020ರಲ್ಲಿ ಇದರದ್ದೊಂದು ದೊಡ್ಡ ಚರ್ಚೆ ಆಯ್ತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ‘ಪಲ್ಸ್’ ಅಂತ ಒಂದು ವಿಧಾನ ಮಾಡಿದ್ದರು, ಚೌಕಚೌಕವಾಗಿ ಮಸುಕಾದ ಮುಖ ಕೊಟ್ಟರೆ ಸ್ಪಷ್ಟ ಮುಖ ಕೊಡುವಂಥದ್ದು. ಯಾರೋ ಬರಾಕ್ ಒಬಾಮಾ ಅವರ ಮಸುಕು ಫೋಟೋ ಕೊಟ್ಟರು. ಹೊರಬಂದದ್ದು ಒಬ್ಬ ಬಿಳಿಯ ವ್ಯಕ್ತಿಯ ಮುಖ. ಕಲಿಕೆಗೆ ಬಳಸಿದ ಮುಖಗಳ ವಾಲಿಕೆ ಅಂತ ಎಲ್ಲರೂ ಚರ್ಚೆ ಮಾಡಿದರು, ಅದು ಸರಿಯೇ. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಇನ್ನೊಂದು. ಆ ವಿಧಾನ ಹುಡುಕೋದೇ ‘ಮತ್ತೆ ಕುಗ್ಗಿಸಿದರೆ ಇದೇ ಮಸುಕು ಬರುವಂಥ’ ಒಂದು ಮುಖವನ್ನು. ಅಂದರೆ ಆ ಬಿಳಿಯ ಮುಖವನ್ನು ಕುಗ್ಗಿಸಿ ನೋಡಿದರೆ ಒಬಾಮಾ ಅವರ ಮಸುಕು ಫೋಟೋಗೆ ಹೊಂದುತ್ತೆ. ಒಂದು ಮಸುಕಿಗೆ ಸರಿಹೊಂದುವ ಸ್ಪಷ್ಟ ಮುಖಗಳು ಲೆಕ್ಕವಿಲ್ಲದಷ್ಟು ಇವೆ, ಯಂತ್ರ ಅದರಲ್ಲಿ ಒಂದನ್ನು ಕೊಟ್ಟಿತು. ‘ಹೋಲಿಸಿ ನೋಡಿದೆ, ಮೂಲಕ್ಕೆ ಸರಿಯಾಗಿ ಕೂರುತ್ತೆ’ ಅನ್ನೋ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬರಲ್ಲ.

ಈಗ ಹುಲಿಗೆ ಬರ್ತೀನಿ. ಮೌಳಂಗಿಯ ಸುತ್ತಲಿನ ಕಾಡು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ನೆರೆ. ದಾಂಡೇಲಿ ಅಭಯಾರಣ್ಯ, ಅಣಶಿ ರಾಷ್ಟ್ರೀಯ ಉದ್ಯಾನ ಎರಡನ್ನೂ ಸೇರಿಸಿ 2007ರಲ್ಲಿ ಘೋಷಣೆಯಾದದ್ದು ಅದು. ಇಂಥ ಕಾಡಿನಲ್ಲಿ ಹುಲಿ ಎಣಿಸೋದು ಕ್ಯಾಮೆರಾ ಟ್ರ್ಯಾಪ್‌ನಿಂದ. ಹುಲಿ ಓಡಾಡುವ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಕಟ್ಟುತ್ತಾರೆ, ಯಾಕೆಂದರೆ ಹುಲಿಯ ಎಡಮೈ ಗೆರೆಗಳೇ ಬೇರೆ, ಬಲಮೈ ಗೆರೆಗಳೇ ಬೇರೆ. ಎರಡು ಹುಲಿಗಳ ಗೆರೆ ಒಂದೇ ಥರ ಇರಲ್ಲ. ಈ ಗೆರೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ, ಅದರಿಂದ ಸಂಖ್ಯೆ ಅಂದಾಜು ಮಾಡುವ ವಿಧಾನವನ್ನು ನಮ್ಮ ಕರ್ನಾಟಕದವರೇ ಆದ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಮಾಡಿ ತೋರಿಸಿದರು. ಅದರ ಪ್ರಬಂಧ ಪ್ರಕಟವಾದದ್ದು 1995ರಲ್ಲಿ.

ಮೊದಲು ಕಣ್ಣಲ್ಲೇ ಹೋಲಿಸುತ್ತಿದ್ದರು. 2009ರಲ್ಲಿ ಲೆಕ್ಸ್ ಹೈಬಿ, ಕಾರಂತ ಮತ್ತಿತರರು ಸೇರಿ ಈ ಕೆಲಸಕ್ಕೆ ಒಂದು ತಂತ್ರಾಂಶ ವಿವರಿಸಿದರು. ಹುಲಿ ನೇರ ನಿಂತು ಪೋಸ್ ಕೊಡಲ್ಲವಲ್ಲ. ಅದಕ್ಕೆ ಹುಲಿಯ ಮೂರು ಆಯಾಮದ ಒಂದು ಗೊಂಬೆ-ಮಾದರಿಯನ್ನು ಫೋಟೋದ ಮೇಲೆ ಹೊಂದಿಸಿ, ಬಾಗಿದ ಮೈಯನ್ನು ಲೆಕ್ಕದಲ್ಲಿ ನೇರ ಮಾಡಿ, ಗೆರೆಗಳನ್ನಷ್ಟೇ ತೆಗೆದುಕೊಂಡು, ಹಳೇ ಫೋಟೋಗಳ ಜೊತೆ ಹೋಲಿಸಿ ಅಂಕ ಕೊಡುತ್ತೆ. ಹೆಚ್ಚು ಅಂಕ ಬಂದ ಫೋಟೋಗಳನ್ನು ಮನುಷ್ಯರು ಕೂತು ನೋಡಿ ಹೌದು-ಅಲ್ಲ ತೀರ್ಮಾನ ಮಾಡುತ್ತಾರೆ. 2018ರ ರಾಷ್ಟ್ರೀಯ ಹುಲಿ ಗಣತಿಯಲ್ಲಿ 26,838 ಕಡೆ ಕ್ಯಾಮೆರಾ ಇಟ್ಟು ಸಿಕ್ಕ ಫೋಟೋಗಳು ಸುಮಾರು 3.49 ಕೋಟಿ. ಅದರಲ್ಲಿ ಹುಲಿ ಇದ್ದದ್ದು 76,651. ಗೆರೆ ಹೋಲಿಸಿದ ಮೇಲೆ, ಮರಿಗಳನ್ನು ಬಿಟ್ಟು, ಬೇರೆಬೇರೆ ಹುಲಿ ಅಂತ ಗುರುತಾದದ್ದು 2,461. ಗುರುತಿಸುವ ಯಂತ್ರದ ಕೆಲಸ ಅಂದರೆ ಈ ಇಳಿಕೆಯೇ.

ಇಂಥ ಒಂದು ಫೋಟೋ ಮಸುಕಾಗಿದೆ ಅಂದುಕೊಳ್ಳಿ. ರಾತ್ರಿ, ದೂರ, ಹುಲಿ ನಡೆಯುತ್ತಿತ್ತು. ಪಕ್ಕೆಯ ಭಾಗ 40 ಪಿಕ್ಸೆಲ್ ಅಗಲ ಅಷ್ಟೇ, ಒಂದೊಂದು ಗೆರೆಗೆ ಒಂದೋ ಎರಡೋ ಪಿಕ್ಸೆಲ್. ‘ಸ್ವಲ್ಪ ಸ್ಪಷ್ಟ ಮಾಡೋಣ’ ಅಂತ ಯಾರೋ ಆ ಬಟನ್ ಒತ್ತಿದರು. ಬಿಡಿಸುವ ಯಂತ್ರಕ್ಕೆ ಹುಲಿಯ ಪಕ್ಕೆ ಹೇಗಿರುತ್ತೆ ಅಂತ ಚೆನ್ನಾಗಿ ಗೊತ್ತು. ಮೇಲಿಂದ ಕೆಳಗಿಳಿಯುವ ಗೆರೆ, ಅಲ್ಲಲ್ಲಿ ಕವಲು, ತುದಿಯಲ್ಲಿ ಸಣ್ಣಗಾಗೋದು. ಅದು ಅಚ್ಚುಕಟ್ಟಾಗಿ ಗೆರೆ ಬರೆಯುತ್ತೆ. ಆದರೆ ಅದು ಹುಲಿಗಳ ಗೆರೆ ಸಾಮಾನ್ಯವಾಗಿ ಹೇಗಿರುತ್ತೋ ಹಾಗೆ, ಈ ಹುಲಿಯದ್ದು ಹೇಗಿತ್ತೋ ಹಾಗಲ್ಲ. ಒಂದು ಹುಲಿಯನ್ನು ಇನ್ನೊಂದರಿಂದ ಬೇರೆ ಮಾಡೋದು ಮೂರನೇ ಗೆರೆ ಎಲ್ಲಿ ಕವಲೊಡೆಯಿತು ಅನ್ನೋ ವಿವರ. ಮಸುಕಿನಲ್ಲಿ ಕಳೆದುಹೋದದ್ದೂ ಅದೇ, ಯಂತ್ರ ಊಹಿಸಿ ತುಂಬಿದ್ದೂ ಅದನ್ನೇ.

ಆಮೇಲೆ ಈ ಚಂದದ ಫೋಟೋವನ್ನು ಗುರುತಿಸುವ ಯಂತ್ರಕ್ಕೆ ಕೊಟ್ಟರೆ ಅದು ಮೊದಲಿಗಿಂತ ಗಟ್ಟಿಯಾಗಿ ‘ಹುಲಿ’ ಅನ್ನುತ್ತೆ. ಅದು ಸರಿಯೇ, ಹುಲಿಯೇ ಅದು. ‘ಯಾವ ಹುಲಿ’ ಅಂದಾಗ ಪಟ್ಟಿಯಲ್ಲಿರೋ ಯಾವುದಕ್ಕೂ ಹೊಂದಲ್ಲ, ಹಾಗಾಗಿ ಹೊಸ ಹುಲಿ ಅಂತ ಲೆಕ್ಕಕ್ಕೆ ಸೇರುತ್ತೆ. ಕಾಡಲ್ಲಿ ಇಲ್ಲದ ಒಂದು ಹುಲಿ ಹುಟ್ಟಿತು.

ಇಲ್ಲಿ ಬೆಳಕು-ಕತ್ತಲೆ ಹೊಂದಿಸೋದು, ಕ್ರಾಪ್ ಮಾಡೋದು ತಪ್ಪಲ್ಲ. ಅವು ಇರುವ ಪಿಕ್ಸೆಲ್‌ಗಳ ಮೇಲೇ ಲೆಕ್ಕ ಮಾಡುತ್ತವೆ. ಇನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಫೋಟೋವನ್ನು ಒತ್ತಿ ಚಿಕ್ಕದು ಮಾಡುತ್ತೆ, ತೆಗೆದ ಸಮಯ ಮತ್ತು ಜಾಗದ ಮಾಹಿತಿಯೂ ಹೋಗಿಬಿಡುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಮೂಲ ಫೈಲ್ ಹಾಗೇ ಹೋಗುತ್ತೆ. ಹೋಮ್‌ಸ್ಟೇ ಗುಂಪಿನಲ್ಲಿ ‘ನಿನ್ನೆ ರಾತ್ರಿ ನಮ್ಮ ರಸ್ತೆಯಲ್ಲಿ’ ಅಂತ ಹುಲಿ ಫೋಟೋ ಬಂದರೆ ನಾನು ಮೊದಲು ಕೇಳೋದು ಆ ಮೂಲ ಫೈಲನ್ನು. ಅದು ಮಸುಕಾಗಿದ್ದರೆ ನನಗೆ ನಂಬಿಕೆ ಜಾಸ್ತಿ. ಒಂದೇ ಫೋಟೋವನ್ನು ಎರಡು ಬೇರೆ ಆ್ಯಪ್‌ಗಳಲ್ಲಿ ‘ಸ್ಪಷ್ಟ’ ಮಾಡಿಸಿ ಪಕ್ಕಪಕ್ಕ ಇಟ್ಟು ನೋಡಿ. ಗೆರೆಗಳು ಎಲ್ಲಿ ಬೇರೆಬೇರೆ ಬಂದಿವೆಯೋ ಅಲ್ಲಿ ಫೋಟೋದಲ್ಲಿ ಮಾಹಿತಿ ಇರಲಿಲ್ಲ ಅಂತ ಅರ್ಥ.

ಒಂದು ಸುಳ್ಳು ಹುಲಿಯಿಂದ ಏನಾಗುತ್ತೆ ಅಂತೀರಾ? ಲೆಕ್ಕ ನೋಡಿ. ನಿಜವಾದ ಗಣತಿಯ ಲೆಕ್ಕ ಇದಕ್ಕಿಂತ ಜಟಿಲ, ಕ್ಯಾಮೆರಾ ಇದ್ದ ಜಾಗವೂ ಅದರಲ್ಲಿ ಬರುತ್ತೆ, ಆದರೆ ಬೇರು ಇದೇ. ಮೊದಲ ಸುತ್ತಿನಲ್ಲಿ 10 ಹುಲಿ ಸಿಕ್ಕವು. ಎರಡನೇ ಸುತ್ತಿನಲ್ಲೂ 10 ಸಿಕ್ಕವು, ಅದರಲ್ಲಿ 5 ಹಳೇ ಪರಿಚಯದವು. ಎರಡನೇ ಸುತ್ತಿನಲ್ಲಿ ಅರ್ಧದಷ್ಟು ಹಳಬರು ಅಂದರೆ, ನಾವು ಮೊದಲು ನೋಡಿದ 10 ಹುಲಿ ಇಡೀ ಕಾಡಿನ ಅರ್ಧ. ಹಾಗಾದರೆ ಕಾಡಲ್ಲಿ ಸುಮಾರು 20. ಈಗ ಆ 5 ಹಳಬರಲ್ಲಿ ಒಂದರ ಫೋಟೋ ಮಸುಕಾಗಿತ್ತು, ಯಾರೋ ಚಂದ ಮಾಡಿದರು, ಅದು ಹೊಸದು ಅಂತ ಸೇರಿತು. ಈಗ 10ರಲ್ಲಿ ಹಳಬರು 4. ಹತ್ತನ್ನು ಹತ್ತರಿಂದ ಗುಣಿಸಿ ನಾಲ್ಕರಿಂದ ಭಾಗಿಸಿ: 25. ಒಂದು ಫೋಟೋ ಚಂದ ಮಾಡಿದ್ದಕ್ಕೆ ಕಾಗದದ ಮೇಲೆ ಐದು ಹುಲಿ ಹೆಚ್ಚಾದವು.

ಮಸುಕು ಫೋಟೋಗಳನ್ನು ಸುಮ್ಮನೆ ಪಕ್ಕಕ್ಕಿಟ್ಟರೆ? ಮಸುಕು ಹಳಬರು ಹೊಸಬರು ಅಂತ ನೋಡಿ ಬರಲ್ಲ. ಎರಡನೇ ಸುತ್ತಿನ ಎರಡು ಫೋಟೋ ಬಿಟ್ಟೆವು, ಒಂದು ಹಳೇ ಹುಲಿಯದ್ದು, ಒಂದು ಹೊಸದರದ್ದು ಅಂತಿಟ್ಟುಕೊಳ್ಳಿ. ಉಳಿದದ್ದು 8, ಅದರಲ್ಲಿ ಹಳಬರು 4. ಹತ್ತನ್ನು ಎಂಟರಿಂದ ಗುಣಿಸಿ ನಾಲ್ಕರಿಂದ ಭಾಗಿಸಿ. ಮತ್ತೆ 20ಕ್ಕೇ ಬಂದು ನಿಲ್ಲುತ್ತೆ.